ಪೆಟ್ಟಿಗೆ ಮನುಷ್ಯನದು, ಸಂಕೇತ ಕಟ್ಟಡದ್ದು

ಕುಂದಾಪುರ, ಭಟ್ಕಳ, ಮೂಡುಬಿದಿರೆ ಕಡೆಯ ಮನೆಗಳಿಗೆ ಈ ಮಾತುಕತೆ ಹೊಸದಲ್ಲ. ಜನನ ಪ್ರಮಾಣಪತ್ರವನ್ನೋ ಆಸ್ತಿ ಪತ್ರದ ನಕಲನ್ನೋ ಕಳಿಸಬೇಕಾಗಿ ಬಂದಾಗ ಊರಿನಲ್ಲಿರುವ ತಂಗಿ ಫೋನಿನಲ್ಲಿ ಕೇಳುತ್ತಾಳೆ: "ಅಣ್ಣ, ನಿನ್ನ ಮನೆ ನಂಬರ್, ರಸ್ತೆ ಹೆಸರು ಹೇಳು." ದುಬೈಯ ಕಂಪನಿಯೊಂದರಲ್ಲಿ ಕೆಲಸಕ್ಕಿರುವ ಅಣ್ಣ ಹೇಳುತ್ತಾನೆ: "ಅದೆಲ್ಲ ಬೇಡ ಮಾರಾಯ್ತಿ, ಕಂಪನಿ ಹೆಸರು ಹಾಕಿ ಪಿ.ಓ. ಬಾಕ್ಸ್ ನಂಬರ್ ಬರಿ, ಸಾಕು."

ತಂಗಿಗೆ ಸಮಾಧಾನವಾಗುವುದಿಲ್ಲ. ಮನೆಯೇ ಇಲ್ಲದ ವಿಳಾಸಕ್ಕೆ ಕಾಗದ ಹೇಗೆ ತಲುಪೀತು? ಹೆಚ್ಚು ವಿವರ ಕೊಟ್ಟಷ್ಟೂ ಒಳ್ಳೆಯದೆಂದು ಅವಳು ಅಣ್ಣನ ರೂಮಿರುವ ಕಟ್ಟಡದ ಹೆಸರು, ಮಹಡಿ, ಪಕ್ಕದ ಸೂಪರ್‌ಮಾರ್ಕೆಟ್ ಎಲ್ಲವನ್ನೂ ಬರೆಯುತ್ತಾಳೆ. ಅಣ್ಣ ಮಲಗುವುದು ಶಾರ್ಜಾದಲ್ಲಿ ಎಂದು ಅವಳಿಗೆ ಗೊತ್ತು. ಬಾಡಿಗೆ ಕಡಿಮೆಯೆಂದು ದುಬೈಯಲ್ಲಿ ದುಡಿಯುವ ಸಾವಿರಾರು ಜನ ಅಲ್ಲೇ ಇರುತ್ತಾರೆ. ಹಾಗಾಗಿ ಬಾಕ್ಸ್ ನಂಬರಿನ ಕೆಳಗೆ ಊರಿನ ಹೆಸರೆಂದು ಶಾರ್ಜಾ ಅಂತ ಸೇರಿಸುತ್ತಾಳೆ. ಒಳ್ಳೆಯ ಮನಸ್ಸಿನಿಂದ ಸೇರಿಸಿದ ಆ ಒಂದು ಪದ ಕಾಗದದ ದಾರಿಯನ್ನೇ ತಪ್ಪಿಸುತ್ತದೆ.

ಹೇಗೆಂದು ತಿಳಿಯಲು ಆ ಪೆಟ್ಟಿಗೆ ಏನು, ಎಲ್ಲಿದೆ ಎಂಬುದನ್ನು ಮೊದಲು ನೋಡಬೇಕು.

ದುಬೈಯಲ್ಲಿ ಮೊದಲ ಅಂಚೆ ಕಚೇರಿ ತೆರೆದದ್ದು 1909ರಲ್ಲಿ, ಬ್ರಿಟಿಷ್ ಇಂಡಿಯಾದ ಅಂಚೆ ವ್ಯವಸ್ಥೆಯ ಒಂದು ಕಚೇರಿಯಾಗಿ. ಅಲ್ಲಿಂದ ಹೊರಡುವ ಕಾಗದಗಳಿಗೆ ನಮ್ಮದೇ ಅಂಚೆಚೀಟಿ ಅಂಟಿಸುತ್ತಿದ್ದರು. ನಮ್ಮ ಹಳ್ಳಿಗಳಿಗೆ ಬಂದ ಅಂಚೆಯಣ್ಣ ಮಾತ್ರ ಅಲ್ಲಿ ಮನೆಮನೆಗೆ ಹೋಗುವ ರೂಢಿಯಾಗಿ ಬೆಳೆಯಲಿಲ್ಲ. ಎಣ್ಣೆಯ ಹಣ ಬಂದ ಮೇಲೆ ಊರು ಎಷ್ಟು ಬೇಗ ಹಬ್ಬಿತೆಂದರೆ ಬೀದಿಗಳಿಗೆ ಹೆಸರಿಡುವುದಕ್ಕೂ ಮನೆಗಳಿಗೆ ಸಂಖ್ಯೆ ಕೊಡುವುದಕ್ಕೂ ಪುರುಸೊತ್ತಿರಲಿಲ್ಲ. ಇರುವವರಲ್ಲಿ ಬಹುಪಾಲು ಹೊರನಾಡಿನಿಂದ ಬಂದವರು. ಇವತ್ತು ಈ ರೂಮು, ಮುಂದಿನ ವರ್ಷ ಇನ್ನೊಂದು ಕ್ಯಾಂಪು. ಹೀಗಿರುವಾಗ ಮನೆಯನ್ನು ಹುಡುಕಿಕೊಂಡು ಹೋಗುವುದಕ್ಕಿಂತ ಕಾಗದವನ್ನು ಅಂಚೆ ಕಚೇರಿಯಲ್ಲೇ ಇಟ್ಟು, ಬೇಕಾದವರು ಬಂದು ಒಯ್ಯಲಿ ಎನ್ನುವುದೇ ಸರಿಯಾದ ದಾರಿಯಾಯಿತು.

ಅಂಚೆ ಕಚೇರಿಯ ಗೋಡೆಯ ತುಂಬ ಸಣ್ಣ ಸಣ್ಣ ಬಾಗಿಲುಗಳ ಸಾಲಿರುತ್ತದೆ, ಒಂದೊಂದಕ್ಕೂ ಬೀಗ ಮತ್ತು ಸಂಖ್ಯೆ. ಬ್ಯಾಂಕಿನ ಲಾಕರಿನ ಹಾಗೆ ಅದನ್ನು ವರ್ಷಕ್ಕಿಷ್ಟು ಎಂದು ಬಾಡಿಗೆಗೆ ಪಡೆಯುತ್ತಾರೆ. ವ್ಯಕ್ತಿಗಳೂ ಪಡೆಯಬಹುದು, ಆದರೆ ಕೆಲಸಕ್ಕೆಂದು ಹೋದವರಲ್ಲಿ ಹೆಚ್ಚಿನವರು ತಮ್ಮ ಕಂಪನಿಯ ಬಾಕ್ಸನ್ನೇ ಬಳಸುತ್ತಾರೆ. ಕಂಪನಿಯ ಕಾಗದಪತ್ರದ ಓಡಾಟ ನೋಡಿಕೊಳ್ಳುವ ಮಂದೂಬ್ ಅಥವಾ ಆಫೀಸ್ ಬಾಯ್ ಬೀಗ ತೆಗೆದು ಎಲ್ಲವನ್ನೂ ತರುತ್ತಾನೆ. ಆಮೇಲೆ ಅದು ಯಾರ ಮೇಜಿಗೆ ಹೋಗಬೇಕೆಂಬುದನ್ನು ಲಕೋಟೆಯ ಮೇಲಿನ ಹೆಸರು ನೋಡಿ ಹಂಚುತ್ತಾರೆ. ಈಚಿನ ವರ್ಷಗಳಲ್ಲಿ ಶುಲ್ಕ ಕಟ್ಟಿದರೆ ಅಂಚೆಯನ್ನು ಮನೆಗೇ ತಲುಪಿಸುವ ಸೇವೆಯೂ ಬಂದಿದೆ. ಆದರೂ ಲಕೋಟೆಯ ಮೇಲೆ ಬರೆಯುವ ವಿಳಾಸಕ್ಕೆ ಆಧಾರ ಇಂದಿಗೂ ಆ ಬಾಕ್ಸ್ ನಂಬರೇ.

ಈಗ ತಂಗಿಯ ಲಕೋಟೆಗೆ ಬರೋಣ. ಯುಎಇಯಲ್ಲಿ ನಮ್ಮ ಪಿನ್ ಕೋಡ್‌ನಂಥ ಅಂಚೆ ಸಂಖ್ಯೆ ಇಲ್ಲ. ವಿಂಗಡಣೆ ಮಾಡುವವರಿಗೆ ಇರುವ ಗುರುತು ಎರಡೇ: ಎಮಿರೇಟ್‌ನ ಹೆಸರು ಮತ್ತು ಬಾಕ್ಸ್ ನಂಬರ್. ಒಂದೇ ನಂಬರಿನ ಬಾಕ್ಸ್ ದುಬೈಯಲ್ಲೂ ಇರಬಹುದು, ಶಾರ್ಜಾದಲ್ಲೂ ಇರಬಹುದು, ಅಬುಧಾಬಿಯಲ್ಲೂ ಇರಬಹುದು. ಲಕೋಟೆಯ ಮೇಲೆ ಶಾರ್ಜಾ ಎಂದಿದ್ದರೆ ಕಾಗದ ಶಾರ್ಜಾಕ್ಕೆ ಹೋಗುತ್ತದೆ, ಅಲ್ಲಿ ಅದೇ ನಂಬರಿನ ಬೇರೆ ಯಾರದೋ ಪೆಟ್ಟಿಗೆಗೆ ಬೀಳುತ್ತದೆ. ಆ ಪೆಟ್ಟಿಗೆಯವರು ಹೆಸರು ನೋಡಿ ಕೌಂಟರಿಗೆ ಮರಳಿಸಿದರೆ ವಾರಗಳ ನಂತರ ಕುಂದಾಪುರಕ್ಕೆ ವಾಪಸ್ ಬಂದೀತು. ಮರಳಿಸದಿದ್ದರೆ ಬಾರದು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದಾದರೆ ಟ್ರ್ಯಾಕಿಂಗ್ ನೋಡಿದಾಗ ಕಾಗದ ಆ ದೇಶ ತಲುಪಿದ್ದು ಕಾಣುತ್ತದೆ, ಅಲ್ಲಿಂದಾಚೆ ಸುದ್ದಿಯಿಲ್ಲ. ಹಾಗಾದಾಗ ಮೊದಲು ಅನುಮಾನಿಸಬೇಕಾದದ್ದು ಈ ಎಮಿರೇಟ್‌ನ ಹೆಸರನ್ನೇ. ಬಾಕ್ಸ್ ಯಾವ ಎಮಿರೇಟ್‌ನ ಅಂಚೆ ಕಚೇರಿಯಲ್ಲಿದೆಯೋ ಅದರ ಹೆಸರು ಬರೆಯಬೇಕು. ಮಲಗುವ ಊರು ಯಾವುದೆಂಬುದು ಅಂಚೆಗೆ ಬೇಕಿಲ್ಲ.

ಹಾಗಾದರೆ ಸರಿಯಾದ ವಿಳಾಸ ಇಷ್ಟೇ ಇರುತ್ತದೆ:

```
Recipient's full name
Company name
P.O. Box xxxxx
DUBAI
UNITED ARAB EMIRATES
+971 5x xxx xxxx
```

ಮೊದಲ ಸಾಲಿನಲ್ಲಿ ಪಾಸ್‌ಪೋರ್ಟಿನಲ್ಲಿರುವಂತೆ ಪೂರ್ತಿ ಹೆಸರು ಬರೆಯಬೇಕು. ನೋಂದಾಯಿತ ಕಾಗದ ಬಂದಾಗ ಗುರುತಿನ ಚೀಟಿ ತೋರಿಸಬೇಕಾಗುತ್ತದೆ, ಆಗ ಮನೆಯಲ್ಲಿ ಕರೆಯುವ ಹೆಸರು ಉಪಯೋಗಕ್ಕೆ ಬಾರದು. ಎರಡನೆಯ ಸಾಲನ್ನು ಅನೇಕರು ಬಿಟ್ಟುಬಿಡುತ್ತಾರೆ. ಬಾಕ್ಸ್ ಕಂಪನಿಯದಾಗಿದ್ದರೆ ಹಾಗೆ ಬಿಡಲೇಬಾರದು. ನೂರಾರು ನೌಕರರಿರುವ ಕಡೆ ಬರಿ ಮನುಷ್ಯನ ಹೆಸರಿರುವ ಲಕೋಟೆ ಯಾರದೆಂದು ತಿಳಿಯದೆ ರಿಸೆಪ್ಶನ್ನಿನ ಮೂಲೆಯಲ್ಲಿ ಉಳಿಯುತ್ತದೆ. ಸಾಧ್ಯವಿದ್ದರೆ ವಿಭಾಗದ ಹೆಸರನ್ನೂ ಸೇರಿಸುವುದು ಒಳ್ಳೆಯದು. ದೇಶದ ಹೆಸರು ವಿಳಾಸದ ಕೊನೆಗೆ, ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಇರಬೇಕು. ಫೋನ್ ನಂಬರನ್ನು ಅದರ ಕೆಳಗೆ ಸ್ವಲ್ಪ ಜಾಗ ಬಿಟ್ಟು ಬರೆಯಬಹುದು. ಅಣ್ಣ ಅಲ್ಲಿ 050 ಎಂದು ಶುರುವಾಗುವ ನಂಬರ್ ಹೇಳಿದರೆ ಮೊದಲ ಸೊನ್ನೆ ಬಿಟ್ಟು 971ರ ಮುಂದೆ 50 ಎಂದು ಬರೆಯಬೇಕು. ಕಳಿಸುವವರ ವಿಳಾಸವೂ ಇಂಗ್ಲಿಷ್ ಅಕ್ಷರದಲ್ಲೇ ಇರಲಿ, ಕೊನೆಗೆ ಇಂಡಿಯಾ ಎಂದಿರಲಿ. ಕಾಗದ ಹಿಂದಿರುಗಬೇಕಾಗಿ ಬಂದಾಗ ದುಬೈಯ ವಿಂಗಡಣೆ ಕೋಣೆಯಲ್ಲಿ ಅದನ್ನು ಓದುವವರಿಗೆ ಕನ್ನಡ ಬರುವುದಿಲ್ಲ. ಕನ್ನಡ ಅಂಕಿಗಳಂತೂ ಅವರ ಕಣ್ಣಿಗೆ ಅಂಕಿಗಳಾಗಿಯೇ ಕಾಣವು.

ಒಮಾನಿನಲ್ಲೂ ವಿಳಾಸ ಬಾಕ್ಸಿನದೇ, ಆದರೆ ಅಲ್ಲಿ ಮೂರಂಕಿಯ ಅಂಚೆ ಸಂಖ್ಯೆಯೊಂದು ಜೊತೆಗಿದೆ. ಮಸ್ಕತ್‌ನ ರುವಿಗೆ 112. ಯುಎಇಯಲ್ಲಿ ಎಮಿರೇಟ್‌ನ ಹೆಸರು ಮಾಡುವ ಕೆಲಸವನ್ನು ಅಲ್ಲಿ ಈ ಮೂರಂಕಿ ಮಾಡುತ್ತದೆ, ಹಾಗಾಗಿ ಅದನ್ನು ಬಿಡುವ ಹಾಗಿಲ್ಲ.

ಪೆಟ್ಟಿಗೆಯ ವಿಳಾಸಕ್ಕೆ ಒಂದು ದೊಡ್ಡ ಗುಣವಿದೆ. ಅಣ್ಣ ಶಾರ್ಜಾದ ರೂಮು ಬಿಟ್ಟು ಅಜ್ಮಾನಿಗೆ ಹೋದರೂ ವಿಳಾಸ ಬದಲಾಗುವುದಿಲ್ಲ. ಬ್ಯಾಂಕಿಗೆ, ಎಲ್‌ಐಸಿಗೆ, ಊರಿನವರಿಗೆ ಯಾರಿಗೂ ಹೇಳಬೇಕಿಲ್ಲ. ಆದರೆ ಅವನು ಕೆಲಸ ಬದಲಿಸಿದ ದಿನ, ಅದೇ ರೂಮಿನಲ್ಲೇ ಇದ್ದರೂ ವಿಳಾಸ ಹೋಗಿಬಿಡುತ್ತದೆ. ಹಳೆಯ ಕಂಪನಿಯ ಪೆಟ್ಟಿಗೆಗೆ ಹೊಸ ಡೆಬಿಟ್ ಕಾರ್ಡ್ ಬರುತ್ತದೆ, ವಿಮೆಯ ನೋಟಿಸ್ ಬರುತ್ತದೆ, ತೆಗೆದುಕೊಳ್ಳಲು ಅವನಿರುವುದಿಲ್ಲ. ರೂಮು ಬದಲಿಸುವಾಗ ನಾವು ವಿಳಾಸದ ಬಗ್ಗೆ ಯೋಚಿಸುತ್ತೇವೆ, ಕೆಲಸ ಬದಲಿಸುವಾಗ ಸಂಬಳದ ಬಗ್ಗೆ ಯೋಚಿಸುತ್ತೇವೆ. ಗಲ್ಫಿಗೆ ಹೋದವರ ಕಾಗದಗಳು ಕಳೆದುಹೋಗುವುದು ಹೆಚ್ಚಾಗಿ ಈ ಸಂದಿನಲ್ಲಿ. ರಾಜೀನಾಮೆ ಕೊಟ್ಟ ಮೇಲಿನ ನೋಟಿಸ್ ಅವಧಿಯಲ್ಲೇ, ಊರಿನ ಬ್ಯಾಂಕ್ ಸೇರಿದಂತೆ ಆ ಬಾಕ್ಸ್ ನಂಬರ್ ಎಲ್ಲೆಲ್ಲಿ ಕೊಟ್ಟಿದ್ದೆವು ಎಂದು ಪಟ್ಟಿ ಮಾಡಿ ಬದಲಿಸಬೇಕು. ಹೆಚ್ಚು ವರ್ಷ ಇರುವವರು ಸ್ವಂತ ಬಾಕ್ಸ್ ಬಾಡಿಗೆಗೆ ಪಡೆದರೆ ಆ ವೆಚ್ಚ ದಂಡವಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪೆಟ್ಟಿಗೆಗೆ ಆಗದ ಕೆಲಸವೂ ಒಂದಿದೆ: ಅದು ಯಾರನ್ನೂ ಮನೆ ಬಾಗಿಲಿಗೆ ಕರೆತರುವುದಿಲ್ಲ. ಕಾಗದ ಕಾಯಬಲ್ಲದು, ಆಂಬುಲೆನ್ಸ್ ಕಾಯಲಾರದು. ಕೊರಿಯರ್ ಕಂಪನಿಗಳೂ ಸಾಮಾನ್ಯವಾಗಿ ಬರಿ ಬಾಕ್ಸ್ ನಂಬರಿಗೆ ಪಾರ್ಸೆಲ್ ಒಪ್ಪುವುದಿಲ್ಲ, ಅವರಿಗೆ ಸಹಿ ಹಾಕಿಸಿಕೊಳ್ಳಲು ಮನುಷ್ಯ ಬೇಕು. ಬಹಳ ಕಾಲ ಇದಕ್ಕೆ ಪರಿಹಾರವೆಂದರೆ ಫೋನಿನಲ್ಲಿ ದಾರಿ ಹೇಳುವುದೇ ಆಗಿತ್ತು: ಮಸೀದಿ ದಾಟಿ, ಪೆಟ್ರೋಲ್ ಬಂಕಿನ ಹಿಂದೆ, ಹಸಿರು ಗಾಜಿನ ಕಟ್ಟಡ.

ದುಬೈ ಮುನಿಸಿಪಾಲಿಟಿ ಇದಕ್ಕೆಂದು ತಂದದ್ದು ಮಕಾನಿ ಎಂಬ ಹತ್ತಂಕಿಯ ಸಂಖ್ಯೆ. ಕಟ್ಟಡದ ಪ್ರವೇಶದ್ವಾರದ ಬಳಿ ಸಣ್ಣ ಫಲಕದಲ್ಲಿ ಐದೈದು ಅಂಕಿಗಳ ಎರಡು ಗುಂಪಾಗಿ ಅದು ಬರೆದಿರುತ್ತದೆ, ಉದಾಹರಣೆಗೆ 30032 95320. ಇದು ಕ್ರಮವಾಗಿ ಹಂಚಿದ ಸಂಖ್ಯೆಯಲ್ಲ, ಭೂಮಿಯ ಮೇಲಿನ ಅಳತೆ. ನೂರು ಕಿಲೋಮೀಟರ್ ಉದ್ದ, ಅಷ್ಟೇ ಅಗಲದ ಒಂದು ಚೌಕವನ್ನು ಕಲ್ಪಿಸಿಕೊಳ್ಳಿ. ಅದರ ನೈಋತ್ಯ ಮೂಲೆಯಿಂದ ಪೂರ್ವಕ್ಕೆ ಎಷ್ಟು ಮೀಟರ್ ಎಂದು ಮೊದಲ ಐದಂಕಿ ಹೇಳುತ್ತವೆ, ಉತ್ತರಕ್ಕೆ ಎಷ್ಟು ಮೀಟರ್ ಎಂದು ಕೊನೆಯ ಐದಂಕಿ ಹೇಳುತ್ತವೆ. ಮೇಲಿನ ಸಂಖ್ಯೆ ದುಬೈಯ ದೇರಾದಲ್ಲಿರುವ ಒಂದು ಬಾಗಿಲನ್ನು ತೋರಿಸುತ್ತದೆ. ದೊಡ್ಡ ಕಟ್ಟಡಕ್ಕೆ ನಾಲ್ಕು ದ್ವಾರಗಳಿದ್ದರೆ ಮಕಾನಿಯೂ ನಾಲ್ಕು, ಏಕೆಂದರೆ ಅದು ಗುರುತಿಸುವುದು ಬಾಗಿಲನ್ನು.

ಇಂಥ ಸಂಖ್ಯೆಯಲ್ಲಿ ತಪ್ಪು ಬರೆದರೆ ಏನಾಗುತ್ತದೆಂಬುದು ತಪ್ಪು ಯಾವ ಅಂಕಿಯಲ್ಲಾಯಿತು ಎನ್ನುವುದರ ಮೇಲೆ ನಿಂತಿದೆ. ಕೊನೆಯ 0 ಜಾಗದಲ್ಲಿ 1 ಬರೆದರೆ ಒಂದು ಮೀಟರ್ ಉತ್ತರಕ್ಕೆ ಸರಿಯುತ್ತೇವೆ, ಯಾರಿಗೂ ಗೊತ್ತೇ ಆಗದು. ಮೊದಲ 3 ಹೋಗಿ 2 ಆದರೆ ಹತ್ತು ಕಿಲೋಮೀಟರ್ ಪಶ್ಚಿಮಕ್ಕೆ ಹೋಗುತ್ತೇವೆ, ಅಲ್ಲಿರುವುದು ಸಮುದ್ರ. ಎರಡು ಗುಂಪುಗಳನ್ನು ಹಿಂದುಮುಂದು ಮಾಡಿ ಬರೆದರೆ ತೊಂಬತ್ತು ಕಿಲೋಮೀಟರಿಗೂ ಹೆಚ್ಚು ದೂರ ಆಗ್ನೇಯಕ್ಕೆ ಬಿದ್ದೆವು. ಸಂಖ್ಯೆ ತಪ್ಪೆಂದು ಎಚ್ಚರಿಸುವ ಅಂಕಿ ಇದರಲ್ಲಿಲ್ಲ. ಆದ್ದರಿಂದ ಮಕಾನಿಯನ್ನು ಯಾರಿಗಾದರೂ ಕಳಿಸುವ ಮೊದಲು ಆ್ಯಪ್‌ನಲ್ಲಿ ಹಾಕಿ, ನಕ್ಷೆಯಲ್ಲಿ ನಮ್ಮ ಬಾಗಿಲೇ ಬಂತೇ ಎಂದು ಕಣ್ಣಾರೆ ನೋಡಬೇಕು. ಬಾಗಿಲಿನಿಂದಾಚೆ ಎಷ್ಟನೆಯ ಮಹಡಿ, ಎಷ್ಟನೆಯ ಫ್ಲಾಟ್ ಎಂಬುದನ್ನು ಪ್ರತ್ಯೇಕವಾಗಿ ಬರೆಯಲೇಬೇಕು. ಅಂಚೆ ಲಕೋಟೆಯ ಮೇಲೆ ಬಾಕ್ಸ್ ನಂಬರಿನ ಬದಲಿಗೆ ಮಕಾನಿ ಬರೆಯುವುದೂ ಸರಿಯಲ್ಲ. ಅದು ಡ್ರೈವರಿಗೆ, ಪೊಲೀಸರಿಗೆ, ಆಂಬುಲೆನ್ಸಿಗೆ ಹೇಳುವ ಸಂಖ್ಯೆ.

ಸೌದಿ ಅರೇಬಿಯಾ ಹಿಡಿದ ದಾರಿ ಬೇರೆ. ಅಲ್ಲೂ ಮೊದಲು ಬಾಕ್ಸೇ ಇತ್ತು. ಆಮೇಲೆ ಅಂಚೆಯವರು ದೇಶದ ಕಟ್ಟಡಗಳಿಗೆಲ್ಲ ನಾಲ್ಕಂಕಿಯ ಸಂಖ್ಯೆ ಕೊಟ್ಟು, ರಾಷ್ಟ್ರೀಯ ವಿಳಾಸ ಎಂಬ ಒಂದೇ ಮಾದರಿ ಮಾಡಿದರು. ಕಟ್ಟಡ ಸಂಖ್ಯೆ, ಬೀದಿ, ಬಡಾವಣೆ, ಊರು, ಐದಂಕಿಯ ಅಂಚೆ ಸಂಖ್ಯೆ, ಅದರ ಮುಂದೆ ಇನ್ನೊಂದು ನಾಲ್ಕಂಕಿಯ ಹೆಚ್ಚುವರಿ ಸಂಖ್ಯೆ ಸೇರಿದರೆ ಅದು ಪೂರ್ಣ ವಿಳಾಸ. ಇಷ್ಟನ್ನೂ ಫೋನಿನಲ್ಲಿ ಹೇಳುವುದು ಕಷ್ಟವೆಂದು ಇದರದೇ ಕಿರುರೂಪವೊಂದನ್ನು ಮಾಡಿದರು. ಅದರಲ್ಲಿ ನಾಲ್ಕು ಇಂಗ್ಲಿಷ್ ಅಕ್ಷರ, ನಾಲ್ಕು ಅಂಕಿ: RRRD2929 ಎಂಬಂತೆ. ಮೊದಲ ಅಕ್ಷರ ಪ್ರಾಂತ್ಯದ್ದು, ಇಲ್ಲಿ ರಿಯಾದ್. ಮುಂದಿನ ಅಕ್ಷರಗಳು ಅದರೊಳಗಿನ ವಿಭಾಗಗಳಿಗೆ ಇಳಿಯುತ್ತ ಹೋಗುತ್ತವೆ. ಕೊನೆಯ ನಾಲ್ಕಂಕಿ ಕಟ್ಟಡದ ಸಂಖ್ಯೆ.

ಈ ರಚನೆಯಿಂದ ಬರೆಯುವವರಿಗೆ ಎರಡು ಅನುಕೂಲ. ಅಕ್ಷರಗಳು ಯಾವಾಗಲೂ ಮೊದಲು, ಅಂಕಿಗಳು ಯಾವಾಗಲೂ ನಂತರ. ಆದ್ದರಿಂದ ದುಂಡಗಿನ ಒಂದು ಗುರುತು ಅಕ್ಷರ O ಆಗಿದೆಯೋ ಸೊನ್ನೆಯೋ ಎಂಬ ಅನುಮಾನವನ್ನು ಅದರ ಸ್ಥಾನವೇ ಬಗೆಹರಿಸುತ್ತದೆ. ಎರಡನೆಯದು ಇನ್ನೂ ಉಪಯುಕ್ತ. ಕಿರು ವಿಳಾಸದ ಕೊನೆಯ ನಾಲ್ಕಂಕಿಯೂ ಪೂರ್ಣ ವಿಳಾಸದ ಕಟ್ಟಡ ಸಂಖ್ಯೆಯೂ ಒಂದೇ ಆಗಿರಬೇಕು. ರಿಯಾದಿನಲ್ಲಿರುವ ನರ್ಸ್ ಮಗಳು ಎರಡನ್ನೂ ಕಳಿಸಿದ್ದಾಳೆ ಎಂದಿಟ್ಟುಕೊಳ್ಳಿ:

```
Full name, +966 5x xxx xxxx
2929, Street name, Unit x
District name
RIYADH xxxxx-xxxx
SAUDI ARABIA
Short address: RRRD2929
```

ಎರಡನೆಯ ಸಾಲಿನ 2929, ಕೊನೆಯ ಸಾಲಿನ 2929 ಹೊಂದಿದರೆ ಒಂದು ಮಟ್ಟಿಗೆ ಸರಿ. ಒಂದರಲ್ಲಿ 2929, ಇನ್ನೊಂದರಲ್ಲಿ ಬೇರೆಯದಿದ್ದರೆ ಎರಡರಲ್ಲೊಂದು ಹಳೆಯ ಮನೆಯದು, ಇಲ್ಲವೇ ಬರೆಯುವಾಗ ತಪ್ಪಿದೆ. ಕಳಿಸುವ ಮೊದಲೇ ಮಗಳನ್ನು ಕೇಳಿ ಸರಿಪಡಿಸಿಕೊಳ್ಳಬಹುದು. ಇನ್ನೊಂದು ತಪ್ಪು ಹಳೆಯ ಕಾಗದಗಳಿಂದ ನಕಲು ಮಾಡುವಾಗ ಆಗುತ್ತದೆ. ಸೌದಿಯಲ್ಲಿ ಬಾಕ್ಸುಗಳಿಗೂ ಐದಂಕಿಯ ಅಂಚೆ ಸಂಖ್ಯೆಗಳಿದ್ದವು, ಅವು ಕಟ್ಟಡಗಳ ಅಂಚೆ ಸಂಖ್ಯೆಗಿಂತ ಬೇರೆ. ಹೊಸ ಕಟ್ಟಡ ವಿಳಾಸಕ್ಕೆ ಹಳೆಯ ಬಾಕ್ಸಿನ ಐದಂಕಿ ಅಂಟಿಸಿದರೆ ಒಂದೇ ಲಕೋಟೆಯ ಮೇಲೆ ಎರಡು ಜಾಗಗಳಿದ್ದಂತೆ.

ಇಲ್ಲಿ ದುಬೈಯ ಲೆಕ್ಕ ತಿರುವುಮುರುವಾಗುತ್ತದೆ. ಕಿರು ವಿಳಾಸ ಇರುವುದು ಕಟ್ಟಡಕ್ಕೆ. ಮಗಳು ಆಸ್ಪತ್ರೆ ಬದಲಿಸಿ ಅದೇ ಮನೆಯಲ್ಲಿದ್ದರೆ ಏನೂ ಬದಲಾಗುವುದಿಲ್ಲ. ಪಕ್ಕದ ಬೀದಿಗೆ ಮನೆ ಬದಲಿಸಿದರೆ ವಿಳಾಸ ಪೂರ್ತಿ ಬದಲು. ಜೊತೆಗೆ ಅಲ್ಲಿ ಇಕಾಮಾ ಇರುವವರು ತಮ್ಮ ವಿಳಾಸವನ್ನು ತಮ್ಮ ಗುರುತಿನ ಸಂಖ್ಯೆಯ ಜೊತೆ ನೋಂದಾಯಿಸಿರಬೇಕು, ಬ್ಯಾಂಕು ನೋಡುವುದು ಆ ನೋಂದಣಿಯನ್ನು. ಮನೆ ಬದಲಿಸಿ ನೋಂದಣಿ ಬದಲಿಸದಿದ್ದರೆ ಪಾರ್ಸೆಲ್ ಹೊಸ ಮನೆಗೆ, ಬ್ಯಾಂಕಿನ ಕಾಗದ ಹಳೆಯ ಮನೆಗೆ ಹೋಗುತ್ತಿರುತ್ತವೆ. ದುಬೈಯಿಂದ ರಿಯಾದಿಗೆ ಹೋದ ನಮ್ಮವರು ಹಳೆಯ ಅಭ್ಯಾಸದಲ್ಲಿ ಇದನ್ನು ಮರೆಯುತ್ತಾರೆ. ಇಲ್ಲೂ ಎಂಟು ಗುರುತುಗಳು ಕಟ್ಟಡದ ತನಕ ಮಾತ್ರ ಕರೆದೊಯ್ಯುತ್ತವೆ, ಮನೆಯ ಯೂನಿಟ್ ಸಂಖ್ಯೆ ಅದರಲ್ಲಿ ಅಡಗಿಲ್ಲ.

ಈ ದೇಶಗಳಲ್ಲಿರುವವರಿಗೆ ದಿನನಿತ್ಯದ ತಲೆನೋವು ನಮ್ಮ ಕಡೆಯ ಆನ್‌ಲೈನ್ ಫಾರ್ಮುಗಳು. ಮನೆ ಸಂಖ್ಯೆ, ಬೀದಿ, ಪಿನ್ ಕೋಡ್ ಮೂರೂ ತುಂಬದೆ ಮುಂದೆ ಬಿಡುವುದಿಲ್ಲ. ಯುಎಇಯಲ್ಲಿರುವವರು ಪಿನ್ ಕೋಡಿನ ಜಾಗದಲ್ಲಿ 00000 ಎಂದೋ, ಆರಂಕಿ ಕೇಳಿದರೆ ಆರು ಸೊನ್ನೆಯೋ ಹಾಕುವುದು ರೂಢಿ. ಅದು ಪರವಾಗಿಲ್ಲ. ಬಾಕ್ಸ್ ನಂಬರನ್ನೇ ಪಿನ್ ಕೋಡಿನ ಜಾಗಕ್ಕೆ ಹಾಕಿ ನೆಮ್ಮದಿಯಾಗುವುದು ಮಾತ್ರ ಅಪಾಯ. ಲೇಬಲ್ ಮುದ್ರಣವಾದಾಗ ಪಿ.ಓ. ಬಾಕ್ಸ್ ಎಂಬ ಪದವಿಲ್ಲದೆ ದುಬೈ ಎಂಬುದರ ಮುಂದೆ ಬರಿ ಒಂದು ಸಂಖ್ಯೆ ನಿಂತಿರುತ್ತದೆ, ಅದೇನೆಂದು ವಿಂಗಡಿಸುವವರು ಊಹಿಸಬೇಕು. ವಿಳಾಸದ ಮೊದಲ ಸಾಲಿನಲ್ಲೇ ಕಂಪನಿಯ ಹೆಸರು, ಪಿ.ಓ. ಬಾಕ್ಸ್ ಎಂಬ ಪದ, ನಂಬರ್ ಮೂರನ್ನೂ ಒಟ್ಟಿಗೆ ಬರೆದರೆ ಮುಂದೆ ಉಳಿದ ಜಾಗಗಳಲ್ಲಿ ಏನಿದ್ದರೂ ಅಂಚೆಗೆ ತೊಂದರೆಯಿಲ್ಲ.

ಕಿರು ಸಂಕೇತದ ಕೆಲಸ ಈಗ ನಮ್ಮಲ್ಲೂ ಶುರುವಾಗಿದೆ. ಭಾರತೀಯ ಅಂಚೆ 2025ರ ಮೇ ತಿಂಗಳಿನಲ್ಲಿ ಡಿಜಿಪಿನ್ ಎಂಬ ಹತ್ತು ಗುರುತುಗಳ ಸಂಕೇತವನ್ನು ಬಿಡುಗಡೆ ಮಾಡಿತು. ಇದು ಮಕಾನಿಯ ಹಾಗೆ ನೆಲದ ಅಳತೆಯೇ, ಆದರೆ ಅಳೆಯುವ ರೀತಿ ಬೇರೆ. ಇಡೀ ದೇಶವನ್ನು ಒಳಗೊಳ್ಳುವ ದೊಡ್ಡ ಚೌಕವನ್ನು ಹದಿನಾರು ಮನೆಗಳಾಗಿ ಭಾಗಿಸಿ, ಒಂದೊಂದಕ್ಕೂ ಒಂದು ಗುರುತು ಕೊಟ್ಟಿದ್ದಾರೆ. ಪ್ರತಿ ಮನೆಯನ್ನೂ ಮತ್ತೆ ಹದಿನಾರು ಮಾಡುತ್ತ ಹತ್ತು ಸಲ ಇಳಿದರೆ ಸುಮಾರು ನಾಲ್ಕು ಮೀಟರ್ ಉದ್ದಗಲದ ತುಂಡು ಸಿಗುತ್ತದೆ. ಕರ್ನಾಟಕ 4 ಎಂಬ ಮನೆಯೊಳಗೆ ಬರುತ್ತದೆ. ಬೆಂಗಳೂರಿನ ಸಂಕೇತ 4P ಎಂದೂ ಮಂಗಳೂರಿನದು 4M ಎಂದೂ ಶುರುವಾಗುತ್ತವೆ. ಮೂರನೆಯ ಗುರುತಿಗೆ ಬಂದಾಗ ಗೆರೆ ಬೆಂಗಳೂರನ್ನೇ ಸೀಳಿಕೊಂಡು ಹೋಗುತ್ತದೆ: ವಿಧಾನಸೌಧದ ಕಡೆ 4P3, ಪಶ್ಚಿಮದ ಬಡಾವಣೆಗಳಲ್ಲಿ 4PJ. ಹಾಗಾಗಿ ಒಂದೇ ಊರಿನಲ್ಲಿರುವ ಇಬ್ಬರ ಸಂಕೇತ ಮೂರನೆಯ ಗುರುತಿನಿಂದಲೇ ಬೇರೆಯಾಗಿದ್ದರೆ ಗಾಬರಿಯಾಗಬೇಕಿಲ್ಲ.

ತಪ್ಪು ಹಿಡಿಯಲು ಇದರಲ್ಲೊಂದು ಸಣ್ಣ ಉಪಾಯವಿದೆ. ಬಳಸಿರುವುದು 2ರಿಂದ 9ರವರೆಗಿನ ಅಂಕಿಗಳು ಮತ್ತು C, F, J, K, L, M, P, T ಎಂಬ ಎಂಟು ಅಕ್ಷರ ಮಾತ್ರ. ಸೊನ್ನೆಯೂ ಇಲ್ಲ, ಒಂದೂ ಇಲ್ಲ, ಅವುಗಳಂತೆ ಕಾಣುವ O ಮತ್ತು I ಕೂಡ ಇಲ್ಲ. ಯಾರಾದರೂ ಕಳಿಸಿದ ಡಿಜಿಪಿನ್‌ನಲ್ಲಿ ಇವುಗಳಲ್ಲೊಂದು ಕಂಡರೆ ಅದು ಖಂಡಿತ ತಪ್ಪು. ಆದರೆ J ಬದಲು K ಬಂದಿದ್ದರೆ ಸಂಕೇತಕ್ಕೆ ತಿಳಿಯದು, ನಕ್ಷೆಯಲ್ಲೇ ನೋಡಬೇಕು. ಮಕಾನಿಯಂತೆಯೇ ಹತ್ತನೆಯ ಗುರುತು ತಪ್ಪಿದರೆ ಪಕ್ಕದ ಅಂಗಳ, ಎರಡನೆಯದು ತಪ್ಪಿದರೆ ನೂರಾರು ಕಿಲೋಮೀಟರ್ ಆಚೆ. ಅಪಾರ್ಟ್‌ಮೆಂಟಿನ ನೆಲಮಹಡಿಗೂ ಹನ್ನೆರಡನೆಯ ಮಹಡಿಗೂ ಸಂಕೇತ ಒಂದೇ. ಇದು ಪಿನ್ ಕೋಡಿನ ಬದಲಿಗೆ ಬಂದದ್ದಲ್ಲ ಎಂದು ಅಂಚೆ ಇಲಾಖೆಯೇ ಹೇಳಿದೆ. 1972ರ ಪಿನ್ ಕೋಡ್ ಹೇಳುವುದು ಕಾಗದ ಯಾವ ಅಂಚೆ ಕಚೇರಿಯ ಬಟವಾಡೆಗೆ ಸೇರಿದ್ದು ಎಂಬುದನ್ನು, ಡಿಜಿಪಿನ್ ಹೇಳುವುದು ಆ ಕಚೇರಿಯಿಂದ ಹೊರಟವರು ಯಾವ ಅಂಗಳಕ್ಕೆ ಹೋಗಬೇಕೆಂಬುದನ್ನು. ಆದ್ದರಿಂದ ಡಿಜಿಪಿನ್ ಬರೆಯುವವರು ಹೆಸರು, ಮನೆ, ಮಹಡಿ, ಪಿನ್ ಕೋಡ್ ಎಲ್ಲವನ್ನೂ ಮೊದಲಿನಂತೆಯೇ ಬರೆದು, ಇದನ್ನು ಪ್ರತ್ಯೇಕ ಸಾಲಿನಲ್ಲಿ ಸೇರಿಸಬೇಕು.